ಹದಿನೈದನೆಯ ಮೀಟರಿನಲ್ಲಿ ಭೂಮಿ

ಗಣಿತದ ಟೀಚರ್ ಆಕೆಯನ್ನು ಮೊದಲು ನೋಡಿದಾಗ, ಆಕೆ ಒಂದು ಕಪಾಟಿನ ಬಾಗಿಲಿಗೆ ಕ್ಷಮೆ ಕೇಳುತ್ತಿದ್ದಳು.

ಶಾಲೆ ಶುರುವಾದ ಮೊದಲ ವಾರ. ಸ್ಟಾಫ್ ರೂಮಿನಲ್ಲಿ ಯಾರೋ ಕಪಾಟಿನ ಬಾಗಿಲನ್ನು ಅರ್ಧ ತೆರೆದು ಬಿಟ್ಟಿದ್ದರು. ಹೊಸದಾಗಿ ವರ್ಗವಾಗಿ ಬಂದ ವಿಜ್ಞಾನದ ಟೀಚರ್ ಬಿರಬಿರನೆ ಒಳಗೆ ಬಂದು ಅದಕ್ಕೆ ಭುಜ ಕೊಟ್ಟು ಗುದ್ದಿಕೊಂಡಳು. ಗುದ್ದಿದ್ದು ಯಾರಿಗೋ ಎಂದುಕೊಂಡು, ತಿರುಗಿಯೂ ನೋಡದೆ, "ಅಯ್ಯೋ ಸಾರಿ ಸರ್, ನೋಡ್ಲಿಲ್ಲ," ಎಂದಳು. ಡ್ರಿಲ್ ಮಾಸ್ತರರು, "ಪರವಾಗಿಲ್ಲಮ್ಮ, ಅವರು ಸ್ವಲ್ಪ ಮರದ ಮನುಷ್ಯರು, ಮನಸ್ಸಿಗೆ ಹಚ್ಚಿಕೊಳ್ಳಲ್ಲ," ಎಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಆಕೆಯೇ. ಗಣಿತದ ಟೀಚರಿಗೆ ಆ ನಗು ಇಷ್ಟವಾಯಿತು. ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಚೀಲವನ್ನು ಎತ್ತಿ, "ಇಲ್ಲಿ ಕೂತ್ಕೊ ಬಾ," ಎಂದರು. ಅಂದಿನಿಂದ ಆ ಕುರ್ಚಿ ಆಕೆಯದಾಯಿತು. ಗಣಿತದ ಟೀಚರ್ ಆಕೆಗೆ ಅಕ್ಕನಾದರು.

ಮಕ್ಕಳು ತಿಂಗಳು ತುಂಬುವುದರೊಳಗೆ ಹೊಸಬಳಿಗೆ ಹೆಸರಿಟ್ಟರು: ಅಳತೆ ಟೀಚರ್. ಆಕೆಯ ಕೈಚೀಲದಲ್ಲಿ ಬಾಚಣಿಗೆ ಇಲ್ಲದಿದ್ದರೂ ಅಳತೆಯ ಟೇಪು ಇರುತ್ತಿತ್ತು. "ಸುಮಾರು", "ಒಂದಿಷ್ಟು" ಎಂಬ ಮಾತುಗಳನ್ನು ಕೇಳಿದರೆ ಆಕೆಗೆ ಆಗುತ್ತಿರಲಿಲ್ಲ. ಯಾರಾದರೂ ಹುಡುಗ, "ಸ್ವಲ್ಪ ಬಿಸಿನೀರು ಹಾಕ್ಬೇಕು ಮಿಸ್," ಎಂದರೆ, "ಸ್ವಲ್ಪ ಅಂದ್ರೆ ನಿಮ್ಮಮ್ಮನ ಸ್ವಲ್ಪವೋ, ನಿಮ್ಮಜ್ಜಿಯ ಸ್ವಲ್ಪವೋ?" ಎಂದು ಕೇಳುತ್ತಿದ್ದಳು. ಲ್ಯಾಬಿನಲ್ಲಿ ಪ್ರತಿಯೊಂದು ಸೀಸೆಗೂ ಒಂದು ಜಾಗ. ಅದನ್ನು ಒಂದು ಬೆರಳಿನಷ್ಟು ಸರಿಸಿಟ್ಟರೂ ಆಕೆಗೆ ಗೊತ್ತಾಗುತ್ತಿತ್ತು, ಸರಿಸಿದವರಿಗೆ ಬೈಗುಳ ತಪ್ಪುತ್ತಿರಲಿಲ್ಲ. ಶಿಸ್ತಿನವಳು ಎಂದು ಎಲ್ಲರೂ ಹೊಗಳಿದರು. ಅದು ಶಿಸ್ತಷ್ಟೇ ಅಲ್ಲ ಎನ್ನುವುದು ಯಾರಿಗೂ ಹೊಳೆಯಲಿಲ್ಲ, ಬಹುಕಾಲ ಆಕೆಗೂ ಹೊಳೆದಿರಲಿಲ್ಲ.

ಗುದ್ದಿಕೊಳ್ಳುವುದು ಮಾತ್ರ ನಿಲ್ಲಲಿಲ್ಲ. ಬೆಂಚಿನ ಮೂಲೆ, ಬಕೆಟ್ಟು, ಪಕ್ಕದಿಂದ ಓಡಿಬಂದ ಮಗು ಹೀಗೆ ದಿನಕ್ಕೊಂದು. ಮೊಣಕಾಲಿನ ಮೇಲೆ ಒಂದು ನೀಲಿ ಗುರುತು ಮಾಯುವ ಮುಂಚೆ ಇನ್ನೊಂದು ಮೂಡುತ್ತಿತ್ತು. "ನಿನಗೆ ಅವಸರ ಜಾಸ್ತಿ ಕಣೆ," ಎಂದು ಗಣಿತದ ಟೀಚರ್ ಬೈಯುತ್ತಿದ್ದರು. ಏಕೆಂದರೆ ಕಣ್ಣಿನ ಬಗ್ಗೆ ಅನುಮಾನ ಪಡಲು ಕಾರಣವೇ ಇರಲಿಲ್ಲ. ಅಷ್ಟು ಸಣ್ಣ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುವವಳು, ಥರ್ಮಾಮೀಟರಿನ ಗೆರೆಯನ್ನು ಕನ್ನಡಕವಿಲ್ಲದೆ ಓದುವವಳು ಆ ಸ್ಟಾಫ್ ರೂಮಿನಲ್ಲಿ ಆಕೆಯೊಬ್ಬಳೇ.

ಏಳು ವರ್ಷ ಕಳೆದ ಮೇಲೆ, ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಬಳಿಕ, ಖಾಲಿ ತರಗತಿಯಲ್ಲಿ ಕುಳಿತು ಆಕೆ ಎಲ್ಲವನ್ನೂ ಹೇಳಿದಳು. ಕಣ್ಣಿನ ಆಸ್ಪತ್ರೆಗೆ ಹೋಗಿ ಬಂದಿದ್ದಳು. ಕಣ್ಣಿನ ಒಳಪರದೆ ಅಂಚಿನಿಂದ ಸಾಯುತ್ತ ಬರುವ ಕಾಯಿಲೆ. ನಡುವಿನ ನೋಟ ಚೆನ್ನಾಗಿಯೇ ಇದೆ, ಸುತ್ತಲಿನದು ಹೋಗಿದೆ, ಹೋಗುತ್ತಿದೆ. ಮಬ್ಬು ಬೆಳಕಿನಲ್ಲಿ ಕಾಣುವುದು ಕಷ್ಟ. ಮಬ್ಬಿನಿಂದ ಬಿಸಿಲಿಗೆ ಬಂದರೆ ಕೆಲವು ಗಳಿಗೆ ಏನೂ ಕಾಣದು.

"ಒಂದು ಪೇಪರನ್ನು ಸುರುಳಿ ಸುತ್ತಿ ಅದರೊಳಗಿಂದ ನೋಡಿ ಅಕ್ಕಾ. ಹಾಗಿದೆ ನನಗೆ. ನಿಮ್ಮ ಮೂಗುತಿ ಕಾಣತ್ತೆ, ಅದರ ಕಲ್ಲು ಸ್ವಲ್ಪ ಸಡಿಲ ಆಗಿರೋದೂ ಕಾಣತ್ತೆ. ಆದರೆ ನಿಮ್ಮ ಕೈ ಎಲ್ಲಿದೆ ಅಂತ ಹುಡುಕಬೇಕು."

ಗಣಿತದ ಟೀಚರ್ ಮೂಗುತಿ ಮುಟ್ಟಿ ನೋಡಿಕೊಂಡರು. ಕಲ್ಲು ನಿಜವಾಗಿಯೂ ಸಡಿಲವಾಗಿತ್ತು.

"ಹೆಡ್‌ಮಾಸ್ಟರಿಗೆ ಹೇಳ್ದೆಯಾ?"

"ಹೇಳಿದರೆ ಮಾರನೇ ದಿನವೇ ಲ್ಯಾಬಿನ ಬೀಗದ ಕೈ ಕಿತ್ಕೋತಾರೆ. ಆಮೇಲೆ ಕ್ಲಾಸು. ಆಮೇಲೆ ಯಾವುದೋ ಆಫೀಸಿನ ಮೂಲೆಯಲ್ಲಿ ಒಂದು ಕುರ್ಚಿ ಹಾಕಿ ಕೂರಿಸ್ತಾರೆ, ದಯೆ ತೋರಿಸಿ. ನನಗೆ ಪಾಠ ಮಾಡೋದು ಬಿಟ್ಟರೆ ಬೇರೆ ಏನೂ ಬರಲ್ಲ ಅಕ್ಕಾ."

"ಲ್ಯಾಬಲ್ಲಿ ಆಸಿಡ್ ಇದೆ ಕಣೆ. ಮಕ್ಕಳು ಪಕ್ಕದಲ್ಲಿ ನಿಂತಿರ್ತಾರೆ."

ಆಕೆ ಆ ಮಾತಿಗೆ ತಲೆ ತಗ್ಗಿಸಿದಳು. ಹಿಂದಿನ ತಿಂಗಳು ಬಿಸಿನೀರಿನ ಬೀಕರು ಹಿಡಿದ ಒಬ್ಬ ಹುಡುಗಿಗೆ ಆಕೆಯ ಮೊಣಕೈ ತಗುಲಿತ್ತು. ನೀರು ಮೇಜಿನ ಮೇಲೆ ಚೆಲ್ಲಿತು, ಹುಡುಗಿಗೆ ಏನೂ ಆಗಲಿಲ್ಲ. ಅದಾದ ಮೇಲೆಯೇ ಆಕೆ ಆಸ್ಪತ್ರೆಗೆ ಹೋದದ್ದು. ಆಸಿಡ್ಡಿನ ಪ್ರಯೋಗಗಳನ್ನು ಅಂದಿನಿಂದ ತಾನು ಮಾಡಿ ತೋರಿಸುತ್ತಿದ್ದೇನೆ, ಮಕ್ಕಳನ್ನು ಬೆಂಚಿನಾಚೆ ಕೂರಿಸುತ್ತಿದ್ದೇನೆ ಎಂದಳು. ಹೆಡ್‌ಮಾಸ್ಟರಿಗೆ ಹೇಳುತ್ತೇನೆ, ಶಾಲೆಯ ವಿಜ್ಞಾನ ವಸ್ತುಪ್ರದರ್ಶನ ಮುಗಿದ ಮರುದಿನವೇ ಹೇಳುತ್ತೇನೆ ಎಂದು ಮಾತು ಕೊಟ್ಟಳು.

"ಪ್ರದರ್ಶನಕ್ಕೂ ಇದಕ್ಕೂ ಏನು ಸಂಬಂಧ?"

"ಅವರ ಮುಂದೆ ನಿಂತು 'ನನಗೆ ಕಣ್ಣಿಲ್ಲ' ಅನ್ನೋವಾಗ, ನಾನು ಮಾಡಿದ್ದು ಅಂತ ಒಂದು ಅವರ ಕಣ್ಣೆದುರು ನಿಂತಿರಬೇಕು. ಇವಳ ಕೈಲಿ ಇನ್ನೂ ಪಾಠ ಆಗತ್ತೆ ಅಂತ ಅವರಿಗೇ ಅನ್ನಿಸಬೇಕು."

ಗಣಿತದ ಟೀಚರ್ ಒಪ್ಪಿದರು. ಒಪ್ಪಿದ ಮೇಲೆ ಅವರ ಊಟ ನಿದ್ರೆ ಎರಡೂ ಕೆಟ್ಟವು. ಲ್ಯಾಬಿನ ಪೀರಿಯಡ್ಡಿನಲ್ಲಿ ಅವರು ಏನಾದರೊಂದು ನೆವ ಮಾಡಿಕೊಂಡು ಬಾಗಿಲ ಬಳಿ ಸುಳಿಯತೊಡಗಿದರು. ಒಳಗೆ ಗಾಜು ಠಣ್ಣೆಂದರೆ ಇಣುಕಿ ನೋಡುತ್ತಿದ್ದರು.

ಆ ವರ್ಷದ ಪ್ರದರ್ಶನಕ್ಕೆ ಸೌರಮಂಡಲದ ಮಳಿಗೆ ವಿಜ್ಞಾನದ ಟೀಚರ್ ಪಾಲಿಗೆ ಬಂದಿತ್ತು. ಹೆಡ್‌ಮಾಸ್ಟರ ಕೋಣೆಯ ಕಪಾಟಿನ ಮೇಲೆ ಹಳೆಯದೊಂದು ಸೌರಮಂಡಲ ಧೂಳು ಹೊದ್ದು ಕುಳಿತಿತ್ತು: ಥರ್ಮೋಕೋಲಿನ ಹಲಗೆ, ಫುಟ್‌ಬಾಲಿನಷ್ಟು ಸೂರ್ಯ, ಅದರಿಂದ ಗೇಣು ದೂರದಲ್ಲಿ ನಿಂಬೆಹಣ್ಣಿನಷ್ಟು ಭೂಮಿ, ಒಳಗೊಂದು ಬಲ್ಬು. "ಬಣ್ಣ ಬಳಿದು ಇಟ್ಟುಬಿಡಿ, ಮುಗೀತು," ಎಂದರು ಹೆಡ್‌ಮಾಸ್ಟರು.

"ಸರ್, ಇದರಲ್ಲಿ ಒಂದೂ ಸರಿ ಇಲ್ಲ."

"ಸೂರ್ಯ ಇದಾನಲ್ಲಮ್ಮ ಮಧ್ಯದಲ್ಲಿ. ಅದೊಂದು ಸರಿ ಇದೆ."

ಆಕೆ ನಕ್ಕು, ಕುರ್ಚಿ ಎಳೆದುಕೊಂಡು, ತನ್ನ ಲೆಕ್ಕ ಬಿಚ್ಚಿದಳು. ಎಲ್ಲವನ್ನೂ ಸಾವಿರ ಕೋಟಿ ಪಟ್ಟು ಕುಗ್ಗಿಸೋಣ. ಆಗ ಒಂದು ಕೋಟಿ ಕಿಲೋಮೀಟರು ಒಂದು ಮೀಟರಾಗುತ್ತದೆ. ಒಂದು ಲಕ್ಷ ಕಿಲೋಮೀಟರು ಒಂದು ಸೆಂಟಿಮೀಟರು. ಹತ್ತು ಸಾವಿರ ಕಿಲೋಮೀಟರು ಒಂದು ಮಿಲಿಮೀಟರು. ಸೂರ್ಯನ ಅಡ್ಡಳತೆ ಹದಿನಾಲ್ಕು ಲಕ್ಷ ಕಿಲೋಮೀಟರು, ಎಂದರೆ ಹದಿನಾಲ್ಕು ಸೆಂಟಿಮೀಟರು. ಒಂದು ಚಕ್ಕೋತ ಹಣ್ಣು. ಭೂಮಿ ಒಂದೂಕಾಲು ಮಿಲಿಮೀಟರು ಚಿಲ್ಲರೆ. ಸಣ್ಣ ಜಾತಿಯ ಒಂದು ಸಾಸಿವೆ ಕಾಳು. ಆ ಸಾಸಿವೆ ಇರಬೇಕಾದ್ದು ಚಕ್ಕೋತದಿಂದ ಹದಿನೈದು ಮೀಟರು ಆಚೆ. ಎರಡಕ್ಕೂ ಒಂದೇ ಅಳತೆ. ಗಾತ್ರಕ್ಕೊಂದು, ದೂರಕ್ಕೊಂದು ಎಂದು ಮೋಸ ಮಾಡುವಂತಿಲ್ಲ.

"ಮೇಜು ಎರಡು ಮೀಟರು ಇರೋದು," ಎಂದರು ಹೆಡ್‌ಮಾಸ್ಟರು.

ಬಾಗಿಲಲ್ಲಿ ನಿಂತಿದ್ದ ಗಣಿತದ ಟೀಚರ್ ಬಾಯಿ ಹಾಕಿದರು. "ಕೊನೆಯ ಗ್ರಹದವರೆಗೆ ಎಲ್ಲ ಆ ಮೇಜಿನ ಮೇಲೇ ಬರಬೇಕು ಅಂದ್ರೆ ಸೂರ್ಯ ಅರ್ಧ ಮಿಲಿಮೀಟರಿಗಿಂತ ಚೂರು ದೊಡ್ಡದು ಸರ್. ಗಸಗಸೆಗಿಂತ ಚಿಕ್ಕದು. ಭೂಮಿ ಯಾರ ಕಣ್ಣಿಗೂ ಕಾಣಲ್ಲ."

"ಯಾರ ಕಣ್ಣಿಗೂ" ಎಂದದ್ದು ಬಾಯಿಂದ ಜಾರಿದ ಮೇಲೆ ಅವರು ನಾಲಿಗೆ ಕಚ್ಚಿಕೊಂಡರು. ಅಳತೆ ಟೀಚರ್ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

ಹೆಡ್‌ಮಾಸ್ಟರು ಕೆಟ್ಟವರಲ್ಲ. ನಿವೃತ್ತಿಗೆ ಮುಂಚೆ ಜಿಲ್ಲೆಯ ಬಹುಮಾನವೊಂದು ಶಾಲೆಗೆ ಬರಲಿ ಎಂಬ ಆಸೆಯಷ್ಟೇ. "ಬಲ್ಬು ಇಲ್ಲ, ಬಣ್ಣ ಇಲ್ಲ, ಸಾಸಿವೆ ನೋಡೋಕೆ ಜನ ಬರ್ತಾರಾ?" ಎಂದು ಗೊಣಗುತ್ತಲೇ ಒಪ್ಪಿಗೆ ಕೊಟ್ಟರು.

ಮುಂದಿನ ವಾರಗಳಲ್ಲಿ ಸ್ಟಾಫ್ ರೂಮು ಕಿರಾಣಿ ಅಂಗಡಿಯಾಯಿತು. ಸಾಸಿವೆಯನ್ನು ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಕೆಳಗೆ ಬಿದ್ದ ಸಣ್ಣ ಕಾಳುಗಳಲ್ಲಿ ಹತ್ತನ್ನು ಅಳತೆಪಟ್ಟಿಯ ಅಂಚಿಗೆ ಸಾಲಾಗಿ ಇಟ್ಟು, ಹತ್ತೂ ಸೇರಿ ಹದಿಮೂರು ಮಿಲಿಮೀಟರು ಬಂದರೆ ಮಾತ್ರ ಆಕೆ ತಲೆಯಾಡಿಸುತ್ತಿದ್ದಳು. ಶುಕ್ರನಿಗೆ ಅದಕ್ಕಿಂತ ಕೂದಲೆಳೆಯಷ್ಟು ಚಿಕ್ಕ ಸಾಸಿವೆ. ಮಂಗಳಕ್ಕೆ ಗಸಗಸೆ, ಬುಧನಿಗೆ ಉಪ್ಪಿನ ಒಂದು ಹರಳು. ಗುರುವಿಗೆ ಹುಡುಗರಾಡುವ ಗಾಜಿನ ಗೋಲಿ. ಯುರೇನಸ್ ನೆಪ್ಚೂನ್ ಇಬ್ಬರಿಗೂ ಒಂದೊಂದು ಮೆಣಸಿನ ಕಾಳು. ಶನಿಯದೇ ಕಾಟ. ಹನ್ನೆರಡು ಮಿಲಿಮೀಟರು ಬೇಕು. ಬಿಳಿ ಕಡಲೆ ಒಣಗಿದ್ದರೆ ಸಾಲದು, ನೆನೆಸಿದರೆ ಸರಿಹೋಗುತ್ತದೆ. ನೆನೆಸಿ, ಅದರ ಸುತ್ತ ಎರಡೂಮುಕ್ಕಾಲು ಸೆಂಟಿಮೀಟರಿನ ಕಾಗದದ ಬಳೆ ತೊಡಿಸಿ ಇಟ್ಟರೆ, ಮೂರನೇ ದಿನ ಶನಿಗೆ ಮೊಳಕೆ ಬಂತು.

"ಶನಿಗ್ರಹದಲ್ಲಿ ಜೀವ ಪತ್ತೆ ಆಯ್ತಲ್ಲಮ್ಮ, ಪತ್ರಿಕೆಗೆ ತಿಳಿಸೋಣ," ಎಂದರು ಡ್ರಿಲ್ ಮಾಸ್ತರರು. ಪ್ರತಿದಿನ ಹೊಸ ಶನಿಯನ್ನು ನೆನೆಸುವ ಕೆಲಸ ಅವರಿಗೇ ಬಿತ್ತು.

ಚಿಮಟದ ತುದಿಯಲ್ಲಿ ಉಪ್ಪಿನ ಹರಳು ಹಿಡಿದು ಅಂಟಿಸುವ ಆಕೆಯ ಕೈಯನ್ನು ನೋಡುತ್ತ ಕುಳಿತರೆ ಗಣಿತದ ಟೀಚರಿಗೆ ಅದೆಲ್ಲ ಕೆಟ್ಟ ಕನಸೇನೋ ಅನ್ನಿಸುತ್ತಿತ್ತು. ಮರುಗಳಿಗೆಯೇ ಆಕೆ ಎದ್ದು, ಪಕ್ಕದಲ್ಲಿದ್ದ ನೀರಿನ ಜಗ್ಗನ್ನು ಉರುಳಿಸುತ್ತಿದ್ದಳು.

ಚಕ್ಕೋತ ಸಭಾಂಗಣದ ಕೊನೆಯ ಗೋಡೆಯ ಬಳಿ ಮೇಜಿನ ಮೇಲೆ. ಬುಧ ಆರು ಮೀಟರಿನಲ್ಲಿ, ಶುಕ್ರ ಬಾಗಿಲ ಹತ್ತಿರ ಹನ್ನೊಂದರಲ್ಲಿ, ಎರಡೂ ಎಡಗಡೆಯ ಗೋಡೆಗೆ ಒತ್ತಿದ ಸ್ಟೂಲುಗಳ ಮೇಲೆ. ಭೂಮಿಯ ಸ್ಟೂಲು ಹೊರಗೆ ಜಗುಲಿಯ ಅಂಚಿನಲ್ಲಿ, ಅಂಗಳಕ್ಕಿಳಿಯುವ ಮೂರು ಮೆಟ್ಟಿಲ ಪಕ್ಕಕ್ಕೆ. ಅದೇ ತಟ್ಟೆಯಲ್ಲಿ, ಭೂಮಿಯಿಂದ ನಾಲ್ಕು ಸೆಂಟಿಮೀಟರು ಆಚೆ, ಚಂದ್ರ ಎಂದು ಒಂದು ಹಿಟ್ಟಿನ ಕಣ. ಮಂಗಳ ಅಂಗಳದ ನಲ್ಲಿಯ ಹತ್ತಿರ. ಗುರು ಎಪ್ಪತ್ತೆಂಟನೆಯ ಮೀಟರಿನಲ್ಲಿ, ಶಾಲೆಯ ಗೇಟಿಗೆ. ಅಲ್ಲಿಂದ ಮುಂದೆ ಬೀದಿ ನೆಟ್ಟಗೆ ಹೋಗುತ್ತಿದ್ದುದರಿಂದ ಬಚಾವಾಯಿತು. ಶನಿ ನೂರ ನಲವತ್ಮೂರರಲ್ಲಿ, ದರ್ಜಿಯ ಅಂಗಡಿಯ ಕಟ್ಟೆಯ ಮೇಲೆ. ಯುರೇನಸ್ ಹಿಟ್ಟಿನ ಗಿರಣಿಯ ಕಿಟಕಿಯಲ್ಲಿ. ನೆಪ್ಚೂನ್ ನಾನೂರ ಐವತ್ತರಲ್ಲಿ, ಬಸ್ ನಿಲ್ದಾಣದ ಔಷಧಿ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ.

ದರ್ಜಿಯನ್ನು ಒಪ್ಪಿಸುವುದು ಕಷ್ಟವಾಯಿತು. "ಶನೀನ ನನ್ನ ಅಂಗಡಿಗೇ ತಂದಿಡ್ತೀರಲ್ಲಮ್ಮ, ಬೇರೆ ಯಾರೂ ಸಿಗಲಿಲ್ವಾ? ಗುರೂನ ಕಳ್ಸಿ."

"ಗುರು ಗೇಟು ದಾಟಿ ಬರಲ್ಲಪ್ಪ. ನಾನೇನು ಮಾಡ್ಲಿ, ನಿಮ್ಮ ಅಂಗಡಿ ಸರಿಯಾಗಿ ನೂರ ನಲವತ್ಮೂರಕ್ಕೆ ಬಿದ್ದಿದೆ."

"ಎರಡು ಮೀಟರು ಆಚೆ ಚಪ್ಪಲಿ ಅಂಗಡಿ ಇದೆ."

"ಎರಡು ಮೀಟರು ಅಂದ್ರೆ ಎರಡು ಕೋಟಿ ಕಿಲೋಮೀಟರು."

ದರ್ಜಿ ಆ ಮಾತಿಗೆ ಸೋತ.

ಪ್ರತಿದಿನ ಸಂಜೆ ಆಕೆ ಚಕ್ಕೋತದಿಂದ ಮೆಣಸಿನ ಕಾಳಿನವರೆಗೆ ನಡೆಯುತ್ತಿದ್ದಳು. ಜಿಲ್ಲೆಯಿಂದ ಬರುವ ತೀರ್ಪುಗಾರರನ್ನು ತಾನೇ ಕರೆದೊಯ್ಯಬೇಕು, ದಾರಿಯುದ್ದಕ್ಕೂ ಹೇಳಬೇಕು: ಬೆಳಕು ಒಂದು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಹೋಗುತ್ತದೆ, ನಮ್ಮ ಅಳತೆಯಲ್ಲಿ ಮೂರು ಸೆಂಟಿಮೀಟರು, ಅಂದರೆ ಇಲ್ಲಿ ಬೆಳಕು ಇರುವೆಯ ಹಾಗೆ ನಡೆಯುತ್ತದೆ, ಚಕ್ಕೋತದಿಂದ ಹೊರಟದ್ದು ಸಾಸಿವೆ ಮುಟ್ಟಲು ಎಂಟು ನಿಮಿಷಕ್ಕೂ ಹೆಚ್ಚು. ಇದಾದ ಮೇಲೆ ಮುಂದಿನ ಚಕ್ಕೋತ, ಎಂದರೆ ನಮಗೆ ತೀರ ಹತ್ತಿರದ ಬೇರೆ ನಕ್ಷತ್ರ, ನಾಲ್ಕು ಸಾವಿರ ಕಿಲೋಮೀಟರು ಆಚೆ. ಈ ಮಾತು ಹೇಳುವಾಗ ಆಕೆಯ ದನಿ ಸಣ್ಣಗಾಗುತ್ತಿತ್ತು. ಕೇಳುತ್ತ ಜೊತೆಗೆ ನಡೆಯುವ ಗಣಿತದ ಟೀಚರ ಗಮನವೆಲ್ಲ ನೆಲದ ಮೇಲೆ. ಕಲ್ಲು, ಚರಂಡಿ, ನಿಲ್ಲಿಸಿದ ಸೈಕಲ್ಲು. ಒಮ್ಮೆ ಅವರು ಮೊಣಕೈ ಹಿಡಿಯಲು ಹೋದರೆ ಆಕೆ ಕೈ ಕೊಡವಿದಳು.

"ಹಿಡೀಬೇಡಿ ಅಕ್ಕಾ. ಯಾರಾದ್ರೂ ನೋಡ್ತಾರೆ. ದಾರಿ ನನಗೆ ಬಾಯಿಪಾಠ ಆಗಿದೆ."

ಪ್ರದರ್ಶನದ ದಿನ ಬೆಳಿಗ್ಗೆ ಗಣಿತದ ಟೀಚರ್ ಎಲ್ಲರಿಗಿಂತ ಮುಂಚೆ ಬಂದರು. ಜಗುಲಿಗೆ ಬಂದು ನಿಂತು ನೋಡಿದರು. ಭೂಮಿಯ ಸ್ಟೂಲು ಬಾಗಿಲಿನಿಂದ ನೇರಕ್ಕೆ, ಮೆಟ್ಟಿಲ ಎಡಬದಿಗೆ ಅಂಟಿಕೊಂಡಂತೆ ನಿಂತಿತ್ತು. ಒಳಗಿನ ಮಬ್ಬಿನಿಂದ ಈ ಬಿಸಿಲಿಗೆ ಬರುವವಳು ಇದನ್ನು ಎಡವದೆ ಹೋಗುವುದುಂಟೇ? ಸ್ಟೂಲು, ತಟ್ಟೆ, ಸಾಸಿವೆ ಎಲ್ಲದರೊಂದಿಗೆ ಆಕೆ ಮೆಟ್ಟಿಲ ಮೇಲಿಂದ ಉರುಳುವುದು ಅವರ ಕಣ್ಣಿಗೆ ಕಟ್ಟಿದಂತಾಯಿತು. ಕಸ ಗುಡಿಸುತ್ತಿದ್ದ ಜವಾನನನ್ನು ಕರೆದರು.

"ಈ ಸ್ಟೂಲನ್ನ ಬಲಗಡೆ ಕಂಬದ ಹತ್ತಿರ ಇಡು. ತಾಳು, ಸುಮ್ಮನೆ ಇಡಬೇಡ."

ಆಟದ ಮೈದಾನ ಅಳೆಯುವ ಉದ್ದದ ಟೇಪಿನ ಒಂದು ತುದಿಯನ್ನು ಚಕ್ಕೋತದ ಹತ್ತಿರ ಅವನಿಂದ ಹಿಡಿಸಿ, ಇನ್ನೊಂದು ತುದಿಯನ್ನು ತಾವು ಬಿಗಿಯಾಗಿ ಎಳೆದು ಹಿಡಿದರು. ಕಂಬ ಬಾಗಿಲಿಗೆ ಸ್ವಲ್ಪ ಓರೆ. ಸ್ಟೂಲನ್ನು ಒಂದಿಷ್ಟು ಹಿಂದಕ್ಕೆ, ಒಂದಿಷ್ಟು ಮುಂದಕ್ಕೆ ಸರಿಸಿ, ಹದಿನೈದು ಮೀಟರಿಗೆ ಸರಿಯಾಗಿ ನಿಲ್ಲಿಸಿದರು. ಹದಿನೈದು ಮೀಟರಿನ ವೃತ್ತದ ಮೇಲೆ ಎಲ್ಲಿಟ್ಟರೂ ಭೂಮಿ ಭೂಮಿಯೇ. ವರ್ಷದಲ್ಲಿ ಅದು ತಾನೇ ಆ ವೃತ್ತದ ಎಲ್ಲ ಜಾಗಕ್ಕೂ ಹೋಗಿ ಬರುತ್ತದಲ್ಲ. ಅಳತೆಯೇನೂ ಕೆಡಲಿಲ್ಲ, ದಾರಿ ತೆರವಾಯಿತು. ಅವರಿಗೆ ಬಹಳ ದಿನಗಳ ಮೇಲೆ ಸಮಾಧಾನದ ಉಸಿರು ಬಂತು. ಆಕೆ ಹಿಂಬಾಗಿಲಿನಿಂದ ಬಂದು, "ಎಲ್ಲ ಸರಿಯಾಗಿದೆಯಾ ಅಕ್ಕಾ?" ಎಂದಾಗ, ಒಂದು ಮಿಲಿಮೀಟರಿನ ವ್ಯತ್ಯಾಸವೂ ಇಲ್ಲದ ಬದಲಾವಣೆಯನ್ನು ಹೇಳಬೇಕೆಂದು ಅವರಿಗೆ ತೋರಲೇ ಇಲ್ಲ. "ಎಲ್ಲ ಸರಿಯಾಗಿದೆ," ಎಂದರು.

ತೀರ್ಪುಗಾರರು ಹೇಳಿದ್ದಕ್ಕಿಂತ ಬೇಗ ಬಂದರು. ಶಿಕ್ಷಣಾಧಿಕಾರಿ ಒಬ್ಬರು, ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದ ಪ್ರೊಫೆಸರು ಒಬ್ಬರು. ಆಕೆ ಅಂದು ಎಷ್ಟು ಚೆನ್ನಾಗಿ ಮಾತಾಡಿದಳೆಂದರೆ ಹಿಂದೆ ನಿಂತ ಹೆಡ್‌ಮಾಸ್ಟರು ಕೂಡ ಬಲ್ಬಿನ ಚಿಂತೆ ಬಿಟ್ಟಿದ್ದರು. ಪ್ರೊಫೆಸರು ಉಪ್ಪಿನ ಹರಳಿನ ಮೇಲೆ ಬಗ್ಗಿ, "ನನ್ನ ಕಣ್ಣಿಗೆ ಕಾಣ್ತಾ ಇಲ್ಲಮ್ಮ," ಎಂದರು. ಆಕೆ, "ಸ್ವಲ್ಪ ಎಡಕ್ಕೆ ಸರ್, ಅಂಟಿನ ಹೊಳಪಿನ ಪಕ್ಕ," ಎಂದು ತೋರಿಸಿಕೊಟ್ಟಳು. ಗಣಿತದ ಟೀಚರ್ ಎದೆ ಉಬ್ಬಿತು. ಶುಕ್ರನನ್ನು ದಾಟಿದರು. "ಈಗ ನಮ್ಮ ಮನೆಗೆ ಹೋಗೋಣ, ಬನ್ನಿ," ಎಂದು ಆಕೆ ಬಾಗಿಲು ದಾಟಿ ಬಿಸಿಲಿಗೆ ಕಾಲಿಟ್ಟಳು.

ಒಂದು ಕ್ಷಣ ನಿಂತಳು. ಎಡಗೈಯನ್ನು ಸಹಜವೆಂಬಂತೆ ಪಕ್ಕಕ್ಕೆ ಚಾಚಿದಳು. ಕೈಗೆ ಏನೂ ಸಿಗಲಿಲ್ಲ. ಇನ್ನೂ ಬಂದಿಲ್ಲವೇನೋ ಎಂಬಂತೆ ಇನ್ನೊಂದು ಹೆಜ್ಜೆ ಮುಂದಿಟ್ಟಳು, ಮತ್ತೆ ಕೈ ಆಡಿಸಿದಳು. ಆಗ ಗಣಿತದ ಟೀಚರಿಗೆ ಎಲ್ಲವೂ ಅರ್ಥವಾಯಿತು. ಎಲ್ಲ ಸ್ಟೂಲುಗಳೂ ಎಡಕ್ಕೇ ಇದ್ದುದೇಕೆ, ಕೈಗೆಟುಕುವಷ್ಟು ಹತ್ತಿರವಿದ್ದುದೇಕೆ, ಭೂಮಿ ಮೆಟ್ಟಿಲ ಬದಿಗೇ ಇದ್ದುದೇಕೆ. ಸಾಸಿವೆ ಬಂದವರಿಗೆ ತೋರಿಸಲು. ಸ್ಟೂಲು ಆಕೆಗೆ ಮೆಟ್ಟಿಲು ತೋರಿಸಲು. ಅವರು ಬಾಯಿ ತೆರೆಯುವಷ್ಟರಲ್ಲಿ ಆಕೆಯ ಕಾಲು ಗಾಳಿಯಲ್ಲಿತ್ತು.

ಮೂರೇ ಮೆಟ್ಟಿಲು. ಆದರೆ ಅಂಗೈ ಊರಿ ಬಿದ್ದದ್ದರಿಂದ ಮಣಿಕಟ್ಟು ಮುರಿಯಿತು. ಅಂಗಳದಲ್ಲಿ ಕುಳಿತುಕೊಂಡೇ ಆಕೆ ಕೇಳಿದ ಮೊದಲ ಮಾತು, "ಸ್ಟೂಲ್ ಎಲ್ಲಿ?"

"ಇಲ್ಲೇ ಇದೆ ಮೇಡಂ, ಕಂಬದ ಹತ್ತಿರ," ಎಂದ ಜವಾನ, ಗಣಿತದ ಟೀಚರ್ ಕಡೆ ತಿರುಗಿ, "ನೀವೇ ಅಲ್ವಾ ಹೇಳಿದ್ದು, ಬೆಳಿಗ್ಗೆ?"

ಆಕೆ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. ಬಿಸಿಲಿಗೆ ಕಣ್ಣು ಇನ್ನೂ ಹೊಂದಿರಲಿಲ್ಲ. ನೋಟ ಗಣಿತದ ಟೀಚರ್ ಭುಜವನ್ನು ದಾಟಿ ಎಲ್ಲೋ ಹೋಗಿತ್ತು.

ಶಿಕ್ಷಣಾಧಿಕಾರಿ ಬಗ್ಗಿ, "ಏನಾಯ್ತಮ್ಮ? ಮೆಟ್ಟಿಲು ಕಾಣಲಿಲ್ವಾ?" ಎಂದರು.

"ಕಾಲು ಜಾರಿತು ಸರ್," ಎಂದರು ಗಣಿತದ ಟೀಚರ್, ತಡವರಿಸುತ್ತ. "ನೆಲ ಒರೆಸಿದ್ರು, ಒದ್ದೆ ಇತ್ತು."

"ಒದ್ದೆ ಇರ್ಲಿಲ್ಲ," ಎಂದಳು ಆಕೆ. "ನನಗೆ ಕಾಣಲ್ಲ ಸರ್. ನೇರ ನೋಡಿದ್ದು ಮಾತ್ರ ಕಾಣತ್ತೆ. ನಾಲ್ಕು ತಿಂಗಳಿಂದ ಗೊತ್ತು, ಶಾಲೇಲಿ ಹೇಳಿರಲಿಲ್ಲ." ಆಮೇಲೆ ನೋವಿಗೆ ಹಲ್ಲು ಕಚ್ಚಿಕೊಂಡು, "ಅಕ್ಕಾ, ಇವರನ್ನ ಮುಂದೆ ಕರ್ಕೊಂಡು ಹೋಗಿ. ಇನ್ನೂ ಐದು ಗ್ರಹ ಇದೆ," ಎಂದಳು.

ಡ್ರಿಲ್ ಮಾಸ್ತರರು ಆಕೆಯನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ಗಣಿತದ ಟೀಚರ್ ತೀರ್ಪುಗಾರರೊಂದಿಗೆ ನಡೆದರು. ಗೇಟಿನಲ್ಲಿ ಗೋಲಿ ತೋರಿಸಿ ಅದನ್ನು ಶನಿ ಎಂದರು, ದರ್ಜಿಯ ಅಂಗಡಿಯಲ್ಲಿ ಕಡಲೆಯನ್ನು ಗುರು ಎಂದರು. ಬೆಳಕಿನ ಲೆಕ್ಕ ಮರೆತರು. ಪ್ರೊಫೆಸರು ಏನನ್ನೂ ತಿದ್ದಲಿಲ್ಲ. ಔಷಧಿ ಅಂಗಡಿಯ ಮುಂದೆ ನಿಂತು, ಶಾಲೆಯ ಕಡೆ ತಿರುಗಿ, ಚಕ್ಕೋತ ಎಲ್ಲಿರಬಹುದೆಂದು ಬಹಳ ಹೊತ್ತು ನೋಡಿದರು. "ಇಲ್ಲಿವರೆಗೂ ಬಂದ ಮೇಲೆ ಒಂಥರಾ ಭಯ ಆಗತ್ತಮ್ಮ," ಎಂದರು. ಬಹುಮಾನ ಬೇರೆ ಶಾಲೆಯ ಜ್ವಾಲಾಮುಖಿಗೆ ಹೋಯಿತು.

ಮರುದಿನ ಹೆಡ್‌ಮಾಸ್ಟರ ಕೋಣೆಯಲ್ಲಿ ದನಿ ಏರಿತ್ತು. "ನಾಲ್ಕು ತಿಂಗಳು. ಬೇರೆಯವರ ಮಕ್ಕಳಮ್ಮ ಅವರು. ಒಂದು ಮಗುವಿನ ಮುಖದ ಮೇಲೆ ಆಸಿಡ್ ಬಿದ್ದಿದ್ರೆ ನಾನು ಯಾರಿಗೆ ಉತ್ತರ ಹೇಳ್ತಿದ್ದೆ? ನೀವು ಹೇಳ್ತಿದ್ರಾ?" ಅವರು ಕೇಳಿದ್ದು, ತಮಗೂ ಗೊತ್ತಿತ್ತೆಂದು ಆಗತಾನೆ ಒಪ್ಪಿಕೊಂಡಿದ್ದ ಗಣಿತದ ಟೀಚರನ್ನು. ಅದೇ ಪ್ರಶ್ನೆಯನ್ನು ಅವರು ತಮಗೆ ತಾವೇ ಕೇಳಿಕೊಂಡು ಎಷ್ಟೋ ರಾತ್ರಿಗಳಾಗಿದ್ದವು. ಲ್ಯಾಬಿನ ಬೀಗದ ಕೈ ಅಂದೇ ಬೇರೆ ಕೈಗೆ ಹೋಯಿತು. ವಿಜ್ಞಾನದ ಟೀಚರನ್ನು ವೈದ್ಯರ ಮಂಡಳಿಯ ಮುಂದೆ ಕಳಿಸುವುದೆಂದೂ, ಅಲ್ಲಿಯವರೆಗೆ ರಜೆಯೆಂದೂ ಆಯಿತು.

ಗಣಿತದ ಟೀಚರ್ ಆಕೆಯ ಮನೆಗೆ ಹೋದರು. ಕೈಗೆ ಪಟ್ಟಿ ಹಾಕಿಸಿಕೊಂಡ ಆಕೆ ಕಿಟಕಿಯ ಪಕ್ಕ ಕುಳಿತಿದ್ದಳು. ಆಕೆಯ ತಾಯಿ ಕುಡಿಯಲು ನೀರು ತಂದಿಟ್ಟು ಒಳಗೆ ಹೋದರು.

"ನನಗೆ ತಿಳೀಲಿಲ್ಲ ಕಣೆ. ಎಡವ್ತೀಯ ಅಂತ ಹೆದರಿಕೆ ಆಯ್ತು. ದೂರ ಒಂದು ಚೂರೂ ಬದಲಾಯಿಸಿರಲಿಲ್ಲ."

"ಗೊತ್ತು. ನೀವು ಬದಲಾಯಿಸಲ್ಲ." ಕೈಯ ಪಟ್ಟಿಯನ್ನು ಸರಿಮಾಡಿಕೊಂಡು, "ಒಂದು ಮಾತು ಕೇಳಬೇಕಿತ್ತು ಅಕ್ಕಾ," ಎಂದಳು.

"ನೀನೂ ಒಂದು ಮಾತು ಹೇಳಬೇಕಿತ್ತು. ಅದನ್ನ ಹಿಡ್ಕೊಂಡು ಇಳೀತೀನಿ ಅಂತ."

"ಹೇಗೆ ಹೇಳ್ಲಿ? ಅದು ಹೇಳಿದ್ರೆ ನೀವು ಆವತ್ತು ನನ್ನ ನಡೆಯೋಕೇ ಬಿಡ್ತಿರಲಿಲ್ಲ."

ಅದು ನಿಜ. ಗಣಿತದ ಟೀಚರ್ ನೀರು ಕುಡಿದು ಎದ್ದರು. ಬಾಗಿಲವರೆಗೆ ಕಳಿಸಿಕೊಡಲು ಆಕೆ ಏಳಲಿಲ್ಲ. ಆಮೇಲೆ ಎರಡು ಸಲ ಹೋದಾಗ, ಮಲಗಿದ್ದಾಳೆ ಎಂದರು ತಾಯಿ. ಒಳಗೆ ರೇಡಿಯೋ ಕೇಳಿಸುತ್ತಿತ್ತು.

ವೈದ್ಯರ ಮಂಡಳಿ ಲ್ಯಾಬು ಬೇಡವೆಂದಿತು, ಪಾಠ ಮಾಡಲು ಅಡ್ಡಿಯಿಲ್ಲವೆಂದಿತು, ಪ್ರತಿವರ್ಷ ಪರೀಕ್ಷೆಗೆ ಬರಬೇಕೆಂದಿತು. ಹೆಡ್‌ಮಾಸ್ಟರು ಅದನ್ನು ಒಪ್ಪಲು ಹಿಂದೆ ಮುಂದೆ ನೋಡಿದರು. ಪಾಲಕರಲ್ಲಿ ಕೆಲವರು ಬಂದು, ಮಕ್ಕಳನ್ನು ಬೇರೆ ಸೆಕ್ಷನ್ನಿಗೆ ಹಾಕಿ ಎಂದರು. ಗಣಿತದ ಟೀಚರ್ ಆಗ ಯಾರನ್ನೂ ಕೇಳದೆ ಹೆಡ್‌ಮಾಸ್ಟರ ಮುಂದೆ ಹೋಗಿ, ಆಕೆಯ ತರಗತಿಯ ಪ್ರಯೋಗದ ಪೀರಿಯಡ್ಡುಗಳಲ್ಲಿ ಲ್ಯಾಬಿನ ಹೊಸ ಟೀಚರ್ ಇರಲಿ, ಅದರ ಬದಲು ಆ ಟೀಚರಿನ ಎರಡು ಪೀರಿಯಡ್ಡು ತಮಗಿರಲಿ ಎಂದರು. ನಿವೃತ್ತಿಗೆ ವರ್ಷವಿದ್ದ ಹೆಂಗಸು ಹೆಚ್ಚಿನ ಕೆಲಸ ಕೇಳಿಕೊಂಡು ಬಂದದ್ದನ್ನು ಹೆಡ್‌ಮಾಸ್ಟರು ತಮ್ಮ ಆಯುಷ್ಯದಲ್ಲಿ ಕಂಡಿರಲಿಲ್ಲ. ಒಪ್ಪಿದರು.

ಸುದ್ದಿ ಕೇಳಿ ಆಕೆ ಫೋನು ಮಾಡಿದಳು. "ಈ ಸಲವೂ ನನ್ನ ಕೇಳಲಿಲ್ಲ ನೀವು," ಎಂದಳು. ಬೈದಳೋ ನಕ್ಕಳೋ ಗಣಿತದ ಟೀಚರಿಗೆ ತಿಳಿಯಲಿಲ್ಲ. ಆದರೆ ಮಾರನೆಯ ವಾರ ಸ್ಟಾಫ್ ರೂಮಿಗೆ ಬಂದು ತನ್ನ ಹಳೆಯ ಕುರ್ಚಿಯಲ್ಲೇ ಕುಳಿತಳು.

ಅದಾಗಿ ನಾಲ್ಕು ವರ್ಷ. ಗಣಿತದ ಟೀಚರ್ ಈಗ ಮನೆಯಲ್ಲಿದ್ದಾರೆ, ಹಳೆಯ ಹೆಡ್‌ಮಾಸ್ಟರೂ ನಿವೃತ್ತರಾದರು. ಆಕೆ ಶಾಲೆಯಲ್ಲಿದ್ದಾಳೆ. ಆಗ ಐದು ತರಗತಿಗಳಿದ್ದವು, ಈಗ ಎರಡು, ಎಂಟನೆಯದೂ ಒಂಬತ್ತನೆಯದೂ. ಕಾಗದದ ಸುರುಳಿಯ ಬಾಯಿ ವರ್ಷ ವರ್ಷವೂ ಕಿರಿದಾಗುತ್ತಿದೆ. ಮುಂದಿನ ತಿಂಗಳು ಮತ್ತೆ ಮಂಡಳಿಯ ಮುಂದೆ ಹೋಗಬೇಕು. ಹೋದ ಸಲ ವೈದ್ಯರು ಸಹಿ ಹಾಕುವ ಮುಂಚೆ ವರದಿಯನ್ನು ಎರಡು ಸಲ ಓದಿದರಂತೆ. ಕೋಲು ಹಿಡಿಯುವುದನ್ನು ಕಲಿತಿದ್ದಾಳೆ, ಅದನ್ನು ಮಾತ್ರ ಇನ್ನೂ ಬೈಯುತ್ತಾಳೆ.

ಈ ದಿನಗಳಲ್ಲಿ ಆಕೆ ಸಂಜೆಯ ಹೊತ್ತು ಕೀಲಿಗಳನ್ನು ನೋಡದೆ ಟೈಪು ಮಾಡುವುದನ್ನು ಅಭ್ಯಾಸ ಮಾಡುತ್ತಿದ್ದಾಳೆ. ಬರೆದದ್ದನ್ನು ಕಂಪ್ಯೂಟರು ಗಟ್ಟಿಯಾಗಿ ಓದಿ ಹೇಳುತ್ತದೆ. ಒಂಬತ್ತನೆಯ ತರಗತಿಯ ಪಾಠಗಳನ್ನೆಲ್ಲ ಹಾಗೆ ತನಗಾಗಿ ಬರೆದಿಟ್ಟುಕೊಳ್ಳುತ್ತಿದ್ದಾಳೆ, ಪುಸ್ತಕ ಕಾಣದ ದಿನಕ್ಕೆ ಇರಲಿ ಎಂದು. ಗಣಿತದ ಟೀಚರ್ ಹೋದಾಗೆಲ್ಲ ಪಕ್ಕದಲ್ಲಿ ಕುಳಿತು ಪಠ್ಯಪುಸ್ತಕ ಓದಿ ಹೇಳುತ್ತಾರೆ, ಆಕೆ ಟೈಪು ಮಾಡುತ್ತಾಳೆ. ಕುಳಿತುಕೊಳ್ಳುವ ಮುಂಚೆ ಅವರು ಕುರ್ಚಿಯ ಬೆನ್ನಿಗೆ ಕೈಯಿಟ್ಟು, "ಇದನ್ನ ಸ್ವಲ್ಪ ಸರಿಸ್ಲಾ?" ಎಂದು ಕೇಳುತ್ತಾರೆ.

"ಸ್ವಲ್ಪ ಅಂದ್ರೆ ಎಷ್ಟು ಅಕ್ಕಾ?" ಎನ್ನುತ್ತಾಳೆ ಆಕೆ.

ನಿನ್ನೆ ಇಬ್ಬರೂ ಒತ್ತಡದ ಪಾಠದಲ್ಲಿದ್ದರು. ಕಂಪ್ಯೂಟರು ಒಂದು ವಾಕ್ಯವನ್ನು ನುಂಗಿ ಓದಿತು. ಆಕೆ ಬೆರಳು ನಿಲ್ಲಿಸಿ, ತಲೆ ಓರೆ ಮಾಡಿ ಕೇಳಿ, ತಪ್ಪು ಅದರದಲ್ಲ, ತನ್ನದೇ ಎಂದು ಕಂಡುಕೊಂಡು, ಅಳಿಸಿ, ಮತ್ತೆ ಮೊದಲಿನಿಂದ ಟೈಪು ಮಾಡತೊಡಗಿದಳು.